ಸಣ್ಣ ಕಂಪನಿಯ ಕೆರಿಯರ್ಸ್ ಪುಟ: ಕೆಲಸ, ಸಂಬಳ, ಬೆಳವಣಿಗೆಯನ್ನು ಇದ್ದದ್ದು ಇದ್ದ ಹಾಗೆ ಬರೆಯುವುದು ಹೇಗೆ

ನನ್ನ ಮೊದಲ ಕೆಲಸದ ಜಾಹೀರಾತಿನಲ್ಲಿ ವರ್ಷಕ್ಕೆ 1.8 ಲಕ್ಷ ಎಂದಿತ್ತು. ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 15,000 ಅಂದುಕೊಂಡೆ. ಆ ಲೆಕ್ಕದ ಮೇಲೆಯೇ ರೂಮ್ ಬಾಡಿಗೆಗೆ ಒಪ್ಪಿಕೊಂಡೆ. ಮೊದಲ ತಿಂಗಳು ಕೈಗೆ ಬಂದದ್ದು 12,000ಕ್ಕೂ ಕಡಿಮೆ. ಆಫೀಸಿನವರು ಸುಳ್ಳು ಹೇಳಿರಲಿಲ್ಲ. ಅವರು ಬರೆದದ್ದು ಸಿಟಿಸಿ, ಅಂದರೆ ನನಗಾಗಿ ಕಂಪನಿಗೆ ಆಗುವ ಒಟ್ಟು ಖರ್ಚು. ನಾನು ಓದಿಕೊಂಡದ್ದು ಸಂಬಳ. ಆ ತಿಂಗಳು ಊರಿಗೆ ಹಣ ಕಳಿಸಲು ಆಗಲಿಲ್ಲ. ಅದು ಇವತ್ತಿಗೂ ನೆನಪಿದೆ.

ಈಗ ನಾನು ಸಣ್ಣ ಕಂಪನಿಗಳಿಗೆ ಕೆರಿಯರ್ಸ್ ಪುಟ, ಅಂದರೆ ಖಾಲಿ ಇರುವ ಕೆಲಸದ ಬಗ್ಗೆ ಹೇಳುವ ವೆಬ್ ಪುಟ ಬರೆದುಕೊಡುತ್ತೇನೆ. ಪುಟದ ಪ್ರತಿ ಸಾಲಿನ ಹಿಂದೆ ಕಂಪನಿಯೊಳಗಿನ ಒಂದು ಕಾಗದ ಇರಬೇಕು ಎಂಬುದು ನಾನು ಇಟ್ಟುಕೊಂಡಿರುವ ನಿಯಮ. ಸಂಬಳದ ರಿಜಿಸ್ಟರ್ ಇರಬಹುದು, ಹಾಜರಿ ಪುಸ್ತಕ ಇರಬಹುದು, ಕರೆಗಳ ಲೆಕ್ಕ ಇರಬಹುದು. ಕಾಗದ ತೋರಿಸಲು ಆಗದ ಸಾಲನ್ನು ಬರೆಯುವುದಿಲ್ಲ. ಇದನ್ನು ಹಂತ ಹಂತವಾಗಿ ಹೇಗೆ ಮಾಡುವುದು ಎಂದು ಹುಬ್ಬಳ್ಳಿಯ ಒಂದು ಕಂಪನಿಗೆ ಮಾಡಿದ ಪುಟವನ್ನೇ ಇಟ್ಟುಕೊಂಡು ಹೇಳುತ್ತೇನೆ. ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿ ಅದು. ಒಟ್ಟು 24 ಜನ. ಅದರಲ್ಲಿ ಏಳು ಜನ ಗ್ರಾಹಕರ ಫೋನ್ ತೆಗೆದುಕೊಂಡು ಸಮಸ್ಯೆ ಬಗೆಹರಿಸುವ ಸಪೋರ್ಟ್ ತಂಡ. ಈ ತಂಡಕ್ಕೆ ಇನ್ನಿಬ್ಬರು ಬೇಕಾಗಿತ್ತು.

ಮೊದಲು ಕೆಲಸ ಮಾಡುವವರ ಪಕ್ಕ ಕೂರಿ

ಅವರ ಹಳೆಯ ಪುಟದಲ್ಲಿ ಹೀಗಿತ್ತು: "ಚುರುಕಾದ ತಂಡದೊಂದಿಗೆ ಕೆಲಸ ಮಾಡಲು ಉತ್ಸಾಹಿ ಸಪೋರ್ಟ್ ಎಕ್ಸಿಕ್ಯೂಟಿವ್‌ಗಳು ಬೇಕಾಗಿದ್ದಾರೆ. ಒತ್ತಡದಲ್ಲೂ ಕೆಲಸ ಮಾಡುವ ಸಾಮರ್ಥ್ಯವಿರಬೇಕು." ಇದನ್ನು ಓದಿದವರಿಗೆ ಬೆಳಿಗ್ಗೆ ಆಫೀಸಿಗೆ ಬಂದು ಏನು ಮಾಡಬೇಕು ಎಂದು ಗೊತ್ತಾಗುತ್ತದೆಯೇ? ಒತ್ತಡ ಅಂದರೆ ಯಾವ ದಿನ, ಎಷ್ಟು ಹೊತ್ತು ಎನ್ನುವುದೂ ಇಲ್ಲ.

ಮಾಲೀಕರನ್ನು ಕೇಳಿ ಕೆಲಸದ ವಿವರ ಬರೆಯಬೇಡಿ. ಅವರು ಆ ಕುರ್ಚಿಯಲ್ಲಿ ಕೂತು ವರ್ಷಗಳಾಗಿರುತ್ತವೆ. ಈಗ ಆ ಕೆಲಸ ಮಾಡುತ್ತಿರುವ ಒಬ್ಬರ ಪಕ್ಕ ಎರಡು ದಿನ ಕೂರಿ. ಒಂದು ಮಾಮೂಲಿ ದಿನ, ಇನ್ನೊಂದು ಗಡಿಬಿಡಿಯ ದಿನ. ಗಡಿಬಿಡಿಯ ದಿನ ಯಾವುದು ಎಂದು ತಂಡದವರನ್ನೇ ಕೇಳಿ. ಇಲ್ಲಿ ಕೇಳಿದಾಗ ಉತ್ತರ ತಕ್ಷಣ ಬಂತು: ತಿಂಗಳ 11 ಮತ್ತು 20. ಪ್ರತಿ ತಿಂಗಳು ರಿಟರ್ನ್ ಹಾಕುವ ವ್ಯಾಪಾರಿಗಳಿಗೆ ಜಿಎಸ್‌ಟಿಆರ್-1 ಕೊಡಲು 11 ಕೊನೆಯ ದಿನ, ಜಿಎಸ್‌ಟಿಆರ್-3ಬಿ ಕೊಡಲು 20 ಕೊನೆಯ ದಿನ. ಅದರ ಹಿಂದಿನ ಎರಡೆರಡು ದಿನವೂ ಫೋನ್ ಕೆಳಗಿಡಲು ಆಗುವುದಿಲ್ಲ. ಇನ್ನು ಏಪ್ರಿಲ್ 1. ಅವತ್ತು ಹೊಸ ಹಣಕಾಸು ವರ್ಷಕ್ಕೆ ಬಿಲ್ ನಂಬರ್ ಹೊಸದಾಗಿ ಶುರುವಾಗಬೇಕು. ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಎಲ್ಲರೂ ಒಟ್ಟಿಗೆ ಫೋನ್ ಮಾಡುತ್ತಾರೆ.

ಪಕ್ಕ ಕೂತಾಗ ಪ್ರತಿ ಕರೆಗೂ ಒಂದು ಗೆರೆ ಹಾಕಿ, ಅದು ಯಾವುದರ ಬಗ್ಗೆ ಎಂದು ಬರೆದುಕೊಳ್ಳಿ. ನಾನು ಬರೆದುಕೊಂಡದ್ದರಲ್ಲಿ ಜಾಸ್ತಿ ಕರೆಗಳು ಸಾಫ್ಟ್‌ವೇರ್‌ಗೆ ಸಂಬಂಧಪಟ್ಟಿರಲೇ ಇಲ್ಲ. ಪ್ರಿಂಟರ್ ಪೇಪರ್ ಎಳೆಯುತ್ತಿಲ್ಲ, ಬಾರ್‌ಕೋಡ್ ಸ್ಕ್ಯಾನರ್ ಓದುತ್ತಿಲ್ಲ, ಕರೆಂಟ್ ಹೋಗಿ ಬಂದ ಮೇಲೆ ಕಂಪ್ಯೂಟರ್ ತೆರೆದುಕೊಳ್ಳುತ್ತಿಲ್ಲ, ಇಂಥವೇ. ಆ ತಂಡದಲ್ಲಿ ಕೆಲಸ ಬಿಟ್ಟವರಲ್ಲಿ ಇಬ್ಬರು ಬಿಡುವಾಗ ಇದನ್ನೇ ಹೇಳಿದ್ದರಂತೆ: "ಸಾಫ್ಟ್‌ವೇರ್ ಕೆಲಸ ಅಂತ ಬಂದೆ, ಪ್ರಿಂಟರ್ ರಿಪೇರಿ ಮಾಡ್ತಾ ಕೂತೆ." ಹಾಗಾಗಿ ಹೊಸ ಪುಟದಲ್ಲಿ ಪ್ರಿಂಟರ್ ಮಾತು ಎರಡನೇ ಸಾಲಿನಲ್ಲೇ ಬಂತು:

> "ನಿಮ್ಮ ದಿನದ ಹೆಚ್ಚಿನ ಸಮಯ ಅಂಗಡಿಯವರ ಜೊತೆ ಫೋನಿನಲ್ಲಿ ಹೋಗುತ್ತದೆ. ಅರ್ಧಕ್ಕಿಂತ ಹೆಚ್ಚು ಕರೆಗಳು ಪ್ರಿಂಟರ್, ಸ್ಕ್ಯಾನರ್, ಇಂಟರ್ನೆಟ್ ಬಗ್ಗೆ ಇರುತ್ತವೆ. ಉಳಿದವು ಬಿಲ್, ಸ್ಟಾಕ್ ಮತ್ತು ಜಿಎಸ್‌ಟಿ ಬಗ್ಗೆ. ಕೋಡ್ ಬರೆಯುವ ಕೆಲಸ ಇದರಲ್ಲಿ ಇಲ್ಲ. ವಾರಕ್ಕೆ ಒಂದೆರಡು ಸಲ ಬೈಕಿನಲ್ಲಿ ಅಂಗಡಿಗೇ ಹೋಗಬೇಕಾಗುತ್ತದೆ. ಧಾರವಾಡ, ನವಲಗುಂದ, ಗದಗದವರೆಗೂ. ಪೆಟ್ರೋಲ್ ಖರ್ಚು ಕಿಲೋಮೀಟರ್ ಲೆಕ್ಕದಲ್ಲಿ ಸಂಬಳದ ಜೊತೆ ಬರುತ್ತದೆ. ತಿಂಗಳ 9ರಿಂದ 11 ಮತ್ತು 18ರಿಂದ 20ರವರೆಗೆ ಸಾಮಾನ್ಯವಾಗಿ ರಜೆ ಸಿಗುವುದಿಲ್ಲ. ಆ ದಿನಗಳಲ್ಲಿ ಸಂಜೆ ಒಂದು ಗಂಟೆ ಹೆಚ್ಚು ಕೂರಬೇಕಾಗಬಹುದು. ಅದಕ್ಕೆ ಓವರ್‌ಟೈಮ್ ಕೊಡುತ್ತೇವೆ."

ಕೊನೆಯ ಸಾಲನ್ನು ಬರೆಯುವ ಮೊದಲು ಓವರ್‌ಟೈಮ್ ನಿಜವಾಗಿ ಕೊಟ್ಟಿದ್ದಾರೆಯೇ ಎಂದು ಹಿಂದಿನ ಮೂರು ತಿಂಗಳ ಪೇ ಸ್ಲಿಪ್ ನೋಡಿದೆ. ಒಂದು ತಿಂಗಳಲ್ಲಿ ಕೊಟ್ಟಿರಲಿಲ್ಲ. ಅದನ್ನು ಕೊಟ್ಟ ಮೇಲೆಯೇ ಸಾಲು ಪುಟಕ್ಕೆ ಹೋಯಿತು. ಈ ಕ್ರಮ ತಪ್ಪಬಾರದು. ಮುಂದೆ ಕೊಡುತ್ತೇವೆ ಎಂಬ ನಂಬಿಕೆಯ ಮೇಲೆ "ಕೊಡುತ್ತೇವೆ" ಎಂದು ಬರೆದರೆ ಸೇರಿದವರಿಗೆ ಮೊದಲ ತಿಂಗಳಲ್ಲೇ ಗೊತ್ತಾಗುತ್ತದೆ.

ಬೇಕಾದ ಅರ್ಹತೆ ಬರೆಯುವಾಗಲೂ ಈಗಿನ ತಂಡವನ್ನೇ ನೋಡಿ. ಹಳೆಯ ಪುಟದಲ್ಲಿ "ಬಿಇ ಅಥವಾ ಬಿಸಿಎ" ಎಂದಿತ್ತು. ತಂಡದ ಅತ್ಯುತ್ತಮ ಇಬ್ಬರಲ್ಲಿ ಒಬ್ಬರು ಬಿಕಾಂ, ಇನ್ನೊಬ್ಬರು ಡಿಪ್ಲೊಮಾ. ಡಿಗ್ರಿಯ ಹೆಸರು ತೆಗೆದು ಮೂರೇ ಮಾತು ಬರೆದೆವು: ಕನ್ನಡ ಮತ್ತು ಹಿಂದಿಯಲ್ಲಿ ಫೋನಿನಲ್ಲಿ ತಾಳ್ಮೆಯಿಂದ ಮಾತಾಡಬೇಕು, ಜಿಎಸ್‌ಟಿ ಬಿಲ್ ನೋಡಿದರೆ ಅರ್ಥವಾಗಬೇಕು, ಬೈಕ್ ಓಡಿಸಲು ಲೈಸೆನ್ಸ್ ಇರಬೇಕು. ಇಂಗ್ಲಿಷ್ ಮಾತಾಡಲು ಬರಬೇಕು ಎಂದು ಬರೆಯಲಿಲ್ಲ. ಎರಡು ದಿನದಲ್ಲಿ ಒಂದು ಕರೆಯೂ ಇಂಗ್ಲಿಷಿನಲ್ಲಿ ಇರಲಿಲ್ಲ.

ಸಂಬಳ: ಮೊದಲು ರಿಜಿಸ್ಟರ್ ತೆಗೆಯಿರಿ

ನಮ್ಮಲ್ಲಿ ಜಾಹೀರಾತಿನಲ್ಲಿ ಸಂಬಳ ಹಾಕಲೇಬೇಕು ಎಂಬ ಕಾನೂನು ಇಲ್ಲ. ಅಮೆರಿಕದ ಕೊಲರಾಡೊದಲ್ಲಿ 2021ರಿಂದ, ನ್ಯೂಯಾರ್ಕ್ ನಗರದಲ್ಲಿ 2022ರಿಂದ ಹಾಕಲೇಬೇಕು. ಇಲ್ಲಿ ಹಾಕುವುದು ನಿಮ್ಮ ಇಚ್ಛೆ. ಹಾಕಿದರೆ ಸರಿಯಾಗಿ ಹಾಕಿ.

ಮಾಲೀಕರು ಮೊದಲು ಹೇಳಿದ ರೇಂಜ್ "18,000ದಿಂದ 35,000". ಮೂವತ್ತೈದು ಯಾರಿಗೆ ಕೊಡುತ್ತಿದ್ದೀರಿ ಎಂದು ಕೇಳಿದೆ. ಯಾರಿಗೂ ಇಲ್ಲ. "ಹಾಗೆ ಹಾಕಿದ್ರೆ ಜಾಸ್ತಿ ಜನ ಬರ್ತಾರೆ" ಎಂದರು. ಬರುತ್ತಾರೆ ನಿಜ. ಆದರೆ ಮೂವತ್ತೈದು ನೋಡಿ ಬಂದವರಿಗೆ ಇಂಟರ್‌ವ್ಯೂ ಮುಗಿದ ಮೇಲೆ ಇಪ್ಪತ್ತು ಎಂದು ಹೇಳಬೇಕಾಗುತ್ತದೆ. ಇಬ್ಬರ ಅರ್ಧ ದಿನವೂ ಹಾಳು.

ರೇಂಜ್ ಕಟ್ಟಲು ಈಗ ಆ ಕೆಲಸ ಮಾಡುವ ಎಲ್ಲರ ಒಟ್ಟು ಸಂಬಳ ಬರೆದುಕೊಳ್ಳಿ. ಒಟ್ಟು ಅಂದರೆ ಕಡಿತಕ್ಕೆ ಮೊದಲಿನ ಗ್ರಾಸ್. ಇಲ್ಲಿ ಇದ್ದದ್ದು ಹೀಗೆ: 19,200, 19,500, 20,400, 21,000, 22,500, 25,000, ಮತ್ತು ತಂಡದ ಮುಖ್ಯಸ್ಥರಿಗೆ 27,500. ಮುಖ್ಯಸ್ಥರ ಹುದ್ದೆ ಬೇರೆ, ಅದನ್ನು ಬಿಡಿ. ಉಳಿದದ್ದನ್ನು ಅನುಭವದ ಪ್ರಕಾರ ಜೋಡಿಸಿದರೆ ಮೂರು ಮೆಟ್ಟಿಲು ಕಾಣಿಸಿತು. ಹೊಸಬರಿಗೆ 20,000ದಿಂದ 21,000. ಎರಡು ವರ್ಷ ಅನುಭವ ಇದ್ದವರಿಗೆ 22,000ದಿಂದ 24,000. ಬೇರೆಯವರಿಗೆ ಕಲಿಸಬಲ್ಲವರಿಗೆ 25,000ದಿಂದ 26,000. ಪುಟದಲ್ಲಿ ಬರುವ ರೇಂಜ್ 20,000ದಿಂದ 26,000. ಯಾರು ಯಾವ ಮೆಟ್ಟಿಲಿಗೆ ಎಂಬುದೂ ಅದರ ಕೆಳಗೇ ಬರಬೇಕು. ಇಲ್ಲದಿದ್ದರೆ ಓದುವ ಪ್ರತಿಯೊಬ್ಬರೂ ತಮಗೆ ಮೇಲಿನ ಅಂಕಿ ಎಂದುಕೊಳ್ಳುತ್ತಾರೆ. ಕೆಳಗಿನ ಅಂಕಿಯನ್ನು ನಿಮ್ಮ ವಲಯಕ್ಕೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನದ ಜೊತೆ ತಾಳೆ ನೋಡುವುದನ್ನು ಮರೆಯಬೇಡಿ.

ಇಲ್ಲಿ ಒಂದು ತೊಡಕು ಬಂತು, ಅಲ್ವಾ? ಹೊಸಬರಿಗೆ 20,000 ಎಂದು ಪುಟದಲ್ಲಿ ಹಾಕಿದರೆ, ಈಗಾಗಲೇ 19,200ಕ್ಕೆ ಕೆಲಸ ಮಾಡುತ್ತಿರುವ ಹುಡುಗ ಅದನ್ನು ಅದೇ ದಿನ ಓದುತ್ತಾನೆ. ಸಣ್ಣ ಕಂಪನಿಯಲ್ಲಿ ಪುಟದ ಮೊದಲ ಓದುಗರು ನಿಮ್ಮದೇ ಜನ. ಆದ್ದರಿಂದ ಪುಟ ಹೊರಗೆ ಬರುವ ಮೊದಲು ಒಳಗಿನ ಸಂಬಳ ಸರಿಮಾಡಬೇಕು. ಒಂದು ವರ್ಷ ತುಂಬದ ಇಬ್ಬರನ್ನು 20,500ಕ್ಕೆ ಏರಿಸಿದರು. ಎರಡು ವರ್ಷ ಮುಗಿಸಿದ ಇಬ್ಬರನ್ನು 22,000ಕ್ಕೆ ಏರಿಸಿದರು. ಒಟ್ಟು ಹೆಚ್ಚಾದದ್ದು ತಿಂಗಳಿಗೆ 4,900 ರೂಪಾಯಿ. ಇದಕ್ಕೆ ಹಣ ಇಲ್ಲದಿದ್ದರೆ ರೇಂಜನ್ನೇ ಕೆಳಗಿಳಿಸಿ. ಎರಡರಲ್ಲಿ ಒಂದನ್ನು ಮಾಡದೆ ಪುಟ ಹಾಕಬೇಡಿ.

ಕೈಗೆ ಎಷ್ಟು ಬರುತ್ತದೆ ಎಂದು ಬಿಡಿಸಿ ಬರೆಯಿರಿ

ನಾನು ಹಟ ಹಿಡಿಯುವ ಭಾಗ ಇದು. ಕೆಳಗಿನ ಮೆಟ್ಟಿಲಿನ 20,000 ತೆಗೆದುಕೊಳ್ಳೋಣ. ಅದರಲ್ಲಿ ಮೂಲ ವೇತನ ಮತ್ತು ಡಿಎ ಸೇರಿ 17,000, ಮನೆ ಬಾಡಿಗೆ ಭತ್ಯೆ 3,000. ಇಪ್ಪತ್ತು ಅಥವಾ ಹೆಚ್ಚು ಜನ ಇರುವ ಕಂಪನಿಗೆ ಪಿಎಫ್ ಇದೆ. ನೌಕರರ ಪಾಲು 12 ಪರ್ಸೆಂಟ್. ಕಾನೂನಿನ ಮಿತಿಯಾದ 15,000ದ ಮೇಲೆ ಲೆಕ್ಕ ಹಾಕಿದರೆ 1,800. ತಿಂಗಳಿಗೆ 21,000ದವರೆಗೆ ಸಂಬಳ ಇರುವವರಿಗೆ ಇಎಸ್‌ಐ ಇದೆ. ಅದರ ಪಾಲು 0.75 ಪರ್ಸೆಂಟ್, ಅಂದರೆ 150. ಕರ್ನಾಟಕದ ವೃತ್ತಿ ತೆರಿಗೆ ಈ ಸಂಬಳಕ್ಕೆ ಇಲ್ಲ. ಕೈಗೆ ಬರುವುದು 18,050.

ಈಗ ಇದೇ ಕೆಲಸದ ಸಿಟಿಸಿ ನೋಡಿ. 20,000ಕ್ಕೆ ಕಂಪನಿಯ ಪಿಎಫ್ ಪಾಲು ಮತ್ತು ಅದರ ಜೊತೆಗಿನ ಶುಲ್ಕ 1,950 ಸೇರಿಸಿ. ಇಎಸ್‌ಐ ಪಾಲು 3.25 ಪರ್ಸೆಂಟಿನಂತೆ 650. ಗ್ರಾಚ್ಯುಟಿಗೆ ಎತ್ತಿಡುವುದು ಸುಮಾರು 818. ಒಟ್ಟು 23,418. ವರ್ಷಕ್ಕೆ 2,81,016. ಜಾಹೀರಾತಿನಲ್ಲಿ ಇದು "2.8 ಲಕ್ಷ ಪ್ಯಾಕೇಜ್" ಆಗುತ್ತದೆ. ಕೈಗೆ ಬರುವುದು ವರ್ಷಕ್ಕೆ 2,16,600. ನಡುವಿನ ವ್ಯತ್ಯಾಸ 64,000ಕ್ಕೂ ಹೆಚ್ಚು. ಪಿಎಫ್ ಹಣ ನೌಕರರದ್ದೇ, ಅದು ನಿಜ. ಆದರೆ ಬಾಡಿಗೆ ಕಟ್ಟಲು ಅದು ಬರುವುದಿಲ್ಲ. ಗ್ರಾಚ್ಯುಟಿ ಅಂತೂ ಕಾಯಂ ನೌಕರರಿಗೆ ಸಾಮಾನ್ಯವಾಗಿ ಐದು ವರ್ಷ ತುಂಬಿದ ಮೇಲೆಯೇ.

ಮೇಲಿನ ತುದಿಯ 26,000ಕ್ಕೂ ಹೀಗೆ ಮಾಡಿ. ಪಿಎಫ್ 1,800, ವೃತ್ತಿ ತೆರಿಗೆ 200, ಇಎಸ್‌ಐ ಇಲ್ಲ. ಕೈಗೆ 24,000. ಪುಟದಲ್ಲಿ ಇಷ್ಟೇ ಬರೆದೆವು:

> "ಸಂಬಳ ತಿಂಗಳಿಗೆ 20,000ದಿಂದ 26,000. ಪಿಎಫ್ ಮತ್ತಿತರ ಕಡಿತ ಕಳೆದು ಬ್ಯಾಂಕಿಗೆ ಬರುವುದು ಸುಮಾರು 18,000ದಿಂದ 24,000. ಹೊಸಬರು 20,000ದಿಂದ 21,000ದ ನಡುವೆ ಶುರು ಮಾಡುತ್ತಾರೆ."

ವರ್ಷದ ಅಂಕಿ, ಸಿಟಿಸಿ ಎಂಬ ಪದ, ಎರಡನ್ನೂ ಬಿಟ್ಟೆವು. ಕಾನೂನಿನಂತೆ ಕೊಡಲೇಬೇಕಾದ ಬೋನಸ್ಸನ್ನು "ಸವಲತ್ತು" ಎಂಬ ಶೀರ್ಷಿಕೆಯ ಕೆಳಗೆ ಹಾಕುವ ಅಭ್ಯಾಸ ಹಲವರಿಗಿದೆ. ಅದನ್ನೂ ಮಾಡಬೇಡಿ. ಪಿಎಫ್, ವಾರದ ರಜೆ ಕೂಡ ಹಾಗೆಯೇ. ಅವು ನೌಕರರ ಹಕ್ಕು. "ಕಾನೂನಿನಂತೆ ಪಿಎಫ್, ಇಎಸ್‌ಐ, ಬೋನಸ್ ಇದೆ" ಎಂದು ಒಂದು ಸಾಲು ಸಾಕು.

ಇಎಸ್‌ಐ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅದು ನನಗೆ ಗೊತ್ತಾದದ್ದು ಸಂಬಳ ಏರಿಸಿದ ಮೇಲೆ. 22,000ಕ್ಕೆ ಏರಿದ ಇಬ್ಬರಲ್ಲಿ ಒಬ್ಬರು ಬಂದು ಕೇಳಿದರು: "ಸರ್, ನಮ್ಮ ಅವ್ವನ ಶುಗರ್ ಮಾತ್ರೆ ಇಎಸ್‌ಐ ಡಿಸ್ಪೆನ್ಸರಿಯಿಂದಾನ ಬರ್ತಾವು. ಇನ್ನ ಮ್ಯಾಲೆ ಹೆಂಗ್ರಿ?" ಸಂಬಳ 21,000 ದಾಟಿದರೆ, ನಡೆಯುತ್ತಿರುವ ಆರು ತಿಂಗಳ ವಂತಿಗೆ ಅವಧಿ ಮುಗಿದ ಮೇಲೆ ಇಎಸ್‌ಐ ವಂತಿಗೆ ನಿಲ್ಲುತ್ತದೆ. ಮುಂದೆ ಸೌಲಭ್ಯವೂ ನಿಲ್ಲುತ್ತದೆ. 20,400ರಿಂದ ಏರಿದ ಅವರಿಗೆ ವಂತಿಗೆ ನಿಂತ ಮೇಲೆ ಕೈಗೆ ಬರುವ ಹಣ 1,753 ರೂಪಾಯಿ ಹೆಚ್ಚಾಗುತ್ತದೆ. ಆದರೆ ಅವ್ವನ ಔಷಧಿಯ ಖರ್ಚು ಅದರಿಂದಲೇ ಹೋಗಬೇಕು. ಕಂಪನಿ 21,000 ಮೀರಿದವರಿಗೆ ಗುಂಪು ಆರೋಗ್ಯ ವಿಮೆ ಮಾಡಿಸಿತು. ಇಂಥ ವಿಮೆ ಹೆಚ್ಚಾಗಿ ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಕೊಡುತ್ತದೆ, ತಿಂಗಳ ಮಾತ್ರೆಗೆ ಕೊಡುವುದಿಲ್ಲ. ತಂದೆ ತಾಯಿಯನ್ನು ಸೇರಿಸದಿದ್ದರೆ ಅವರಿಗೆ ಅದೂ ಇಲ್ಲ. ನಿಮ್ಮ ರೇಂಜ್ 21,000ದ ಗೆರೆಯನ್ನು ದಾಟುತ್ತಿದ್ದರೆ ಇದನ್ನು ಪುಟದಲ್ಲೇ ಬರೆಯಿರಿ: ಗೆರೆಯ ಕೆಳಗೆ ಏನು, ಮೇಲೆ ಏನು, ವಿಮೆ ಯಾರ್‍ಯಾರಿಗೆ, ಯಾವುದಕ್ಕೆ. ಇದನ್ನು ಬರೆದ ಪುಟ ನಾನು ಬೇರೆಲ್ಲೂ ನೋಡಿಲ್ಲ. ಓದುವವರಿಗೆ ಇದು ತುಂಬಾ ಮುಖ್ಯ.

ಬೆಳವಣಿಗೆ: ಹಿಂದೆ ಸೇರಿದವರು ಈಗ ಎಲ್ಲಿದ್ದಾರೆ?

"ಬೆಳೆಯಲು ವಿಪುಲ ಅವಕಾಶ" ಎಂಬ ಮಾತನ್ನು ಅಳಿಸಿ. ಏಳು ಜನರ ತಂಡದಲ್ಲಿ ಮುಖ್ಯಸ್ಥರ ಕುರ್ಚಿ ಒಂದೇ, ಅದರಲ್ಲಿ ಈಗ ಒಬ್ಬರು ಕೂತಿದ್ದಾರೆ. ಇದು ನಾಚಿಕೆಯ ವಿಷಯ ಅಲ್ಲ, ಸಣ್ಣ ಕಂಪನಿ ಇರುವುದೇ ಹೀಗೆ. ಆದರೆ ಬಡ್ತಿಯ ಆಸೆ ಹುಟ್ಟಿಸಿದರೆ ಎರಡನೇ ವರ್ಷದ ಕೊನೆಗೆ ಜನ ಬೇಸರದಿಂದ ಹೋಗುತ್ತಾರೆ.

ಬದಲಿಗೆ ಹಿಂದಿನ ಐದು ವರ್ಷಗಳಲ್ಲಿ ಆ ಹುದ್ದೆಗೆ ಸೇರಿದ ಎಲ್ಲರ ಪಟ್ಟಿ ಮಾಡಿ. ಹೆಸರಿನ ಮುಂದೆ ಈಗ ಎಲ್ಲಿದ್ದಾರೆ ಎಂದು ಬರೆಯಿರಿ. ಚೆನ್ನಾಗಿ ಬೆಳೆದ ಒಬ್ಬರ ಕಥೆ ಮಾತ್ರ ಆರಿಸಿಕೊಳ್ಳಬೇಡಿ. ಇಲ್ಲಿ ಸೇರಿದ್ದು ಹದಿನಾಲ್ಕು ಜನ. ಅದರಲ್ಲಿ ಏಳು ಜನ ಇದೇ ತಂಡದಲ್ಲಿದ್ದರು, ಒಬ್ಬರು ಈಗಿನ ಮುಖ್ಯಸ್ಥರು. ಇಬ್ಬರು ಇದೇ ಕಂಪನಿಯ ಟೆಸ್ಟಿಂಗ್ ಕೆಲಸಕ್ಕೆ ಹೋಗಿದ್ದರು. ಇಬ್ಬರು ಲೆಕ್ಕಪತ್ರದ ಕೆಲಸ ಹಿಡಿದು ಹೊರಗೆ ಹೋಗಿದ್ದರು. ಮೂವರು ಆರು ತಿಂಗಳೊಳಗೆ ಬಿಟ್ಟಿದ್ದರು. ಪಟ್ಟಿ ಕೈಗೆ ಬಂದ ಮೇಲೆ ಬರೆಯುವುದು ಸುಲಭ:

> "ಐದು ವರ್ಷದಲ್ಲಿ ಈ ತಂಡಕ್ಕೆ 14 ಜನ ಸೇರಿದ್ದಾರೆ. ಏಳು ಜನ ಈಗಲೂ ತಂಡದಲ್ಲಿದ್ದಾರೆ, ಅದರಲ್ಲಿ ಒಬ್ಬರು ಈಗ ಮುಖ್ಯಸ್ಥರು. ಇಬ್ಬರು ನಮ್ಮಲ್ಲೇ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಾರೆ. ಇಬ್ಬರು ಬೇರೆ ಕಡೆ ಅಕೌಂಟ್ಸ್ ಕೆಲಸಕ್ಕೆ ಹೋದರು. ಮೂವರಿಗೆ ಕೆಲಸ ಒಗ್ಗಲಿಲ್ಲ, ಆರು ತಿಂಗಳೊಳಗೆ ಬಿಟ್ಟರು. ಮುಂದಿನ ಎರಡು ವರ್ಷ ಮುಖ್ಯಸ್ಥರ ಹುದ್ದೆ ಖಾಲಿಯಾಗುವ ಸಾಧ್ಯತೆ ಕಡಿಮೆ. ಎರಡು ವರ್ಷದಲ್ಲಿ ನೀವು ಜಿಎಸ್‌ಟಿ ಬಿಲ್ಲಿಂಗ್ ಚೆನ್ನಾಗಿ ಕಲಿಯುತ್ತೀರಿ."

"ಮೂವರು ಬಿಟ್ಟರು" ಎಂಬ ಸಾಲು ಬೇಡ ಎಂದು ಮಾಲೀಕರು ಹೇಳಿದರು. ನಾನು ಒಪ್ಪಲಿಲ್ಲ. ಹನ್ನೊಂದು ಜನರ ಲೆಕ್ಕ ಕೊಟ್ಟು ಮೂವರನ್ನು ಮುಚ್ಚಿಟ್ಟರೆ ಓದುವವರು ಕೂಡಿ ನೋಡುತ್ತಾರೆ. ಕೊನೆಗೆ ಸಾಲು ಉಳಿಯಿತು.

ಇಷ್ಟು ಕಡಿಮೆ ಜನ ಇರುವಾಗ ಓದುವವರಿಗೆ ಆ ಮೂವರು ಯಾರು ಎಂದು ಗೊತ್ತಾಗಬಹುದು. ಆದ್ದರಿಂದ ವರ್ಷ, ಊರು, ಕಾರಣದ ವಿವರ ಬರೆಯಬೇಡಿ. ಸಂಖ್ಯೆ ಸಾಕು.

ಸಂಬಳ ಏರಿಕೆಯ ಬಗ್ಗೆಯೂ ಆಗಿಹೋದದ್ದನ್ನೇ ಬರೆಯಿರಿ. "ಪ್ರತಿ ಏಪ್ರಿಲ್‌ನಲ್ಲಿ ಸಂಬಳ ನೋಡುತ್ತೇವೆ. ಹಿಂದಿನ ಮೂರು ವರ್ಷ ತಂಡದಲ್ಲಿ ಏರಿಕೆ ತಿಂಗಳಿಗೆ 800ರಿಂದ 2,000 ರೂಪಾಯಿ ಇತ್ತು." ಒಂದು ವರ್ಷ ಏರಿಸಲು ಆಗದಿದ್ದರೆ ಆ ವರ್ಷವನ್ನೂ ಹೇಳಿ.

ಜನ ಕೇಳಲು ಹಿಂಜರಿಯುವ ಸಂಗತಿಗಳು

ಇವನ್ನು ಕೇಳುವ ಮೊದಲೇ ಹೇಳಿಬಿಡಿ. ಶನಿವಾರ ಪೂರ್ತಿ ಕೆಲಸವೇ, ಅರ್ಧ ದಿನವೇ? ಪ್ರೊಬೇಷನ್ ಎಷ್ಟು ತಿಂಗಳು, ಆಗ ಸಂಬಳ ಕಡಿಮೆಯೇ? ನೋಟಿಸ್ ಪೀರಿಯಡ್ ಎಷ್ಟು? ಬಾಂಡ್ ಇದೆಯೇ? ಇದ್ದರೆ ಎಷ್ಟು ಹಣ, ಎಷ್ಟು ಕಾಲ ಎಂದು ಬರೆಯಿರಿ. ಆಫರ್ ಲೆಟರ್ ಕೊಡುವಾಗ ಬಾಂಡ್ ಕಾಗದ ಮುಂದಿಟ್ಟರೆ ಮೇಲೆ ಬರೆದ ಒಳ್ಳೆಯ ಮಾತೆಲ್ಲ ಅಲ್ಲೇ ನೀರಾಗುತ್ತದೆ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುವ ಅಭ್ಯಾಸ ಇದ್ದರೆ ನಿಲ್ಲಿಸಿ, ನಿಲ್ಲಿಸಿದ್ದೇವೆ ಎಂದು ಬರೆಯಿರಿ.

"ಕೆಲಸಕ್ಕಾಗಿ ನಾವು ಯಾರಿಂದಲೂ ಹಣ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳಲು ಯಾರನ್ನೂ ನೇಮಿಸಿಲ್ಲ" ಎಂಬ ಸಾಲನ್ನು ಅರ್ಜಿಯ ಬಟನ್ ಪಕ್ಕದಲ್ಲೇ ಇಡಿ. ಸಣ್ಣ ಕಂಪನಿಗಳ ಹೆಸರಿನಲ್ಲೂ ರಿಜಿಸ್ಟ್ರೇಷನ್ ಫೀಸ್ ಕೇಳುವ ಮೋಸಗಾರರು ಇದ್ದಾರೆ.

ಅರ್ಜಿ ಹಾಕಿದ ಮೇಲೆ ಏನಾಗುತ್ತದೆ ಎಂದೂ ಬರೆಯಿರಿ. ಇಲ್ಲಿ ಬರೆದದ್ದು: ಏಳು ದಿನದೊಳಗೆ ಫೋನ್ ಅಥವಾ ಮೆಸೇಜ್, ಒಂದೇ ಇಂಟರ್‌ವ್ಯೂ, ಅದರಲ್ಲಿ ಅರ್ಧ ಗಂಟೆ ನಿಜವಾದ ಕರೆ ಕೇಳಿಸಿಕೊಳ್ಳುವುದು.

ಪುಟ ಹಾಕುವಾಗ

ಪುಟವನ್ನು ಪಿಡಿಎಫ್ ಅಥವಾ ಚಿತ್ರವಾಗಿ ಹಾಕಬೇಡಿ, ಮೊಬೈಲಿನಲ್ಲಿ ಓದಲು ಕಷ್ಟ. ಕನ್ನಡದಲ್ಲಿ ಮೊದಲು, ಕೆಳಗೆ ಇಂಗ್ಲಿಷಿನಲ್ಲಿ ಇದ್ದರೆ ಸಾಕು. ಗೂಗಲ್ ಹುಡುಕಾಟದಲ್ಲಿ ಕೆಲಸವಾಗಿ ಕಾಣಿಸಬೇಕಾದರೆ ಪುಟದೊಳಗೆ `JobPosting` ಮಾಹಿತಿ ಇಡಬೇಕು. ವೆಬ್‌ಸೈಟ್ ಮಾಡಿಕೊಟ್ಟವರಿಗೆ ಹೇಳಿದರೆ ಗೊತ್ತಾಗುತ್ತದೆ. ಅದರಲ್ಲಿ ದಿನಾಂಕ ಮತ್ತು ಸಂಬಳದ ಭಾಗ ಹೀಗಿರುತ್ತದೆ:

```json
"datePosted": "2026-01-12",
"validThrough": "2026-02-15",
"baseSalary": {
  "@type": "MonetaryAmount",
  "currency": "INR",
  "value": {
    "@type": "QuantitativeValue",
    "minValue": 20000,
    "maxValue": 26000,
    "unitText": "MONTH"
  }
}
```

ಇಲ್ಲಿ ಬರೆದ ಅಂಕಿಯೇ ಪುಟದಲ್ಲೂ ಕಾಣಬೇಕು. `validThrough` ದಿನ ಮುಗಿದ ಮೇಲೆ, ಅಥವಾ ಅದಕ್ಕೂ ಮೊದಲೇ ಹುದ್ದೆ ತುಂಬಿದರೆ, ಪ್ರಕಟಣೆ ತೆಗೆಯಿರಿ. ತುಂಬಿದ ಹುದ್ದೆಯನ್ನು ಅರ್ಜಿ ಸಂಗ್ರಹಿಸಲು ಹಾಗೇ ಬಿಡುವುದೂ ಸುಳ್ಳೇ.

ಹೊರಗೆ ಹಾಕುವ ಮೊದಲು ಪುಟವನ್ನು ಆ ತಂಡದ ಒಬ್ಬರ ಮುಂದೆ ಗಟ್ಟಿಯಾಗಿ ಓದಿ. ಅವರು ನಕ್ಕ ಜಾಗದಲ್ಲಿ, ಸುಮ್ನೆ ಮುಖ ಕೆಳಗೆ ಹಾಕಿದ ಜಾಗದಲ್ಲಿ ನಿಲ್ಲಿಸಿ ಕೇಳಿ. ಇಲ್ಲಿ "ಸಾಮಾನ್ಯವಾಗಿ ರಜೆ ಸಿಗುವುದಿಲ್ಲ" ಎಂಬಲ್ಲಿ ಒಬ್ಬರು ತಡೆದರು: "ಮನೆಯಲ್ಲಿ ಯಾರಾದರೂ ಹುಷಾರಿಲ್ಲ ಅಂದ್ರೆ ಕೊಡ್ತಾರೆ, ಅದನ್ನೂ ಬರೀರಿ." ಬರೆದೆವು.

ಪುಟ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಅರ್ಜಿಗಳ ಸಂಖ್ಯೆ ನೋಡಬೇಡಿ. ಅದು ಕಡಿಮೆಯಾಗಬಹುದು. ಇಂಟರ್‌ವ್ಯೂಗೆ ಬಂದವರು "ಸಂಬಳ ಎಷ್ಟು", "ಶನಿವಾರ ಇದೆಯಾ" ಎಂದು ಕೇಳುತ್ತಿದ್ದರೆ ಆ ಸಾಲು ಅವರಿಗೆ ಕಾಣುತ್ತಿಲ್ಲ, ಮೇಲೆ ತನ್ನಿ. ಆಫರ್ ಲೆಟರ್ ನೋಡಿ ಸುಮ್ಮನಾದರೆ ಸಂಬಳದ ಭಾಗದಲ್ಲಿ ಏನೋ ಅಸ್ಪಷ್ಟ ಇದೆ. ಮೂರು ತಿಂಗಳೊಳಗೆ ಬಿಟ್ಟರೆ ಕೆಲಸದ ಭಾಗವನ್ನು ಮತ್ತೆ ಓದಿ. ಬಿಟ್ಟವರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಪುಟದಲ್ಲಿ ಇಲ್ಲದ ಯಾವ ಸಂಗತಿ ಇಲ್ಲಿ ಬಂದ ಮೇಲೆ ಗೊತ್ತಾಯಿತು?"

ಪಿಎಫ್, ಇಎಸ್‌ಐ ಮಿತಿ, ವೃತ್ತಿ ತೆರಿಗೆ, ಕನಿಷ್ಠ ವೇತನ ಬದಲಾಗುತ್ತಿರುತ್ತವೆ. ಏಪ್ರಿಲ್‌ನಲ್ಲಿ ಸಂಬಳ ಪರಿಷ್ಕರಿಸುವ ದಿನವೇ ಪುಟವನ್ನೂ ತೆರೆದು, ಹೊಸ ಪೇ ಸ್ಲಿಪ್ ಪಕ್ಕದಲ್ಲಿಟ್ಟುಕೊಂಡು ಎರಡೂ ತುದಿಯ ಲೆಕ್ಕ ಮತ್ತೆ ಮಾಡಿ. ಹದಿನಾಲ್ಕು ಜನರ ಪಟ್ಟಿಗೆ ಆ ವರ್ಷ ಸೇರಿದವರನ್ನು, ಹೋದವರನ್ನು ಸೇರಿಸಿ. ಪುಟದ ಕೆಳಗೆ ತಿದ್ದಿದ ದಿನಾಂಕ ಬರೆಯಿರಿ.